ಎದುರುಬದುರು ಬರುವ ರೈಲುಗಳು: 10:43ರ ಉತ್ತರ ತಪ್ಪಿದ್ದೆಲ್ಲಿ?

ಪ್ರಶ್ನೆ: ಮಗಳು ಒಂಬತ್ತನೇ ತರಗತಿ. ಅವಳಿಗೆ ಕೊಟ್ಟ ಲೆಕ್ಕ ಇದು: 180 ಕಿ.ಮೀ. ಅಂತರದ ಎರಡು ನಿಲ್ದಾಣಗಳ ನಡುವೆ ಒಂದೇ ಹಳಿ. ಈ ಕಡೆಯಿಂದ ಒಂದು ರೈಲು ಬೆಳಿಗ್ಗೆ 9:00ಕ್ಕೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೊರಡುತ್ತದೆ. ಆ ಕಡೆಯಿಂದ ಇನ್ನೊಂದು 9:40ಕ್ಕೆ ಗಂಟೆಗೆ 45 ಕಿ.ಮೀ. ವೇಗದಲ್ಲಿ ಹೊರಡುತ್ತದೆ. ಎಷ್ಟು ಹೊತ್ತಿಗೆ, ಎಲ್ಲಿ ಸಂಧಿಸುತ್ತವೆ? ನಾವು 180 ಅನ್ನು 105ರಿಂದ ಭಾಗಿಸಿದೆವು, 10:43 ಬಂತು. ಪುಸ್ತಕದ ಹಿಂದೆ 11:00 ಗಂಟೆ, 120 ಕಿ.ಮೀ. ಎಂದಿದೆ. ಎಲ್ಲಿ ತಪ್ಪಿದೆವು? ಒಂದೇ ಹಳಿಯಲ್ಲಿ ಎದುರಾದರೆ ಡಿಕ್ಕಿಯಾಗುವುದಿಲ್ಲವೇ ಎಂದೂ ಮಗಳು ಕೇಳುತ್ತಿದ್ದಾಳೆ.
– ಸೋಮವಾರಪೇಟೆಯ ಓದುಗರೊಬ್ಬರು

ಉತ್ತರ: ಪುಸ್ತಕದ ಉತ್ತರ ಸರಿಯಾಗಿದೆ. ನೀವು ವೇಗಗಳನ್ನು ಕೂಡಿಸಿದ್ದೂ ಸರಿ. ಆದರೆ ಕೂಡಿಸಬಾರದ ಹೊತ್ತಿನಲ್ಲಿಯೂ ಕೂಡಿಸಿಬಿಟ್ಟಿರಿ.

60 ಮತ್ತು 45 ಸೇರಿ 105 ಆಗುವುದರ ಅರ್ಥ ಇಷ್ಟೇ: ಎರಡೂ ರೈಲುಗಳು ಓಡುತ್ತಿರುವಾಗ ಅವುಗಳ ನಡುವಿನ ಅಂತರ ಗಂಟೆಗೆ 105 ಕಿ.ಮೀ.ಯಂತೆ ಕರಗುತ್ತದೆ. ಒಂದು ರೈಲು ನಿಂತಿದ್ದರೆ ಕರಗುವುದು ಇನ್ನೊಂದರ ವೇಗದಲ್ಲಿ ಮಾತ್ರ. ನಿಮ್ಮ ಲೆಕ್ಕದಲ್ಲಿ 9:00ರಿಂದ 9:40ರವರೆಗೆ ಎರಡನೆಯ ರೈಲು ತನ್ನ ನಿಲ್ದಾಣದಲ್ಲಿ ನಿಂತೇ ಇತ್ತು. ನೀವು 9:00 ಗಂಟೆಯಿಂದಲೇ ಅದನ್ನು ಓಡಿಸಿದಿರಿ.

ಇದನ್ನು ನನ್ನ ಮಾತಿನ ಮೇಲೆ ನಂಬಬೇಕಾಗಿಲ್ಲ, ನಿಮ್ಮ ಉತ್ತರವನ್ನೇ ಸಾಕ್ಷಿಗೆ ಕರೆಯೋಣ. 10:43ಕ್ಕೆ ಮೊದಲ ರೈಲು ಓಡಿದ್ದು 103 ನಿಮಿಷ. ಅದರ ವೇಗ ನಿಮಿಷಕ್ಕೆ ಒಂದು ಕಿ.ಮೀ., ಹಾಗಾಗಿ ಅದು ಹತ್ತಿರ ಹತ್ತಿರ 103 ಕಿ.ಮೀ. ಬಂದಿದೆ. ಎರಡನೆಯದು ಓಡಿದ್ದು 63 ನಿಮಿಷ. ನಿಮಿಷಕ್ಕೆ ಮುಕ್ಕಾಲು ಕಿ.ಮೀ.ಯಂತೆ ಅದು 47 ಕಿ.ಮೀ. ಬಂದಿದೆ. ಎರಡೂ ಸೇರಿ 150. ಅಂದರೆ ನೀವು ಸಂಧಿಸಿದವು ಎಂದ ಹೊತ್ತಿಗೆ ರೈಲುಗಳ ನಡುವೆ ಇನ್ನೂ 30 ಕಿ.ಮೀ. ಉಳಿದಿದೆ. ಈ 30 ಎಲ್ಲಿಂದ ಬಂತು? 40 ನಿಮಿಷದಲ್ಲಿ ಗಂಟೆಗೆ 45ರಂತೆ ಓಡಿದರೆ ಆಗುವುದು ಸರಿಯಾಗಿ 30 ಕಿ.ಮೀ. ಎರಡನೆಯ ರೈಲು ಓಡದೆ ಉಳಿಸಿದ, ನೀವು ಕಾಗದದ ಮೇಲೆ ಓಡಿಸಿದ ದೂರವೇ ಅದು. ಆ 30 ಕಿ.ಮೀ.ಯನ್ನು ಗಂಟೆಗೆ 105ರಂತೆ ಮುಗಿಸಲು ಇನ್ನೂ 17 ನಿಮಿಷ ಬೇಕು. 10:43ಕ್ಕೆ 17 ಸೇರಿಸಿ, 11:00 ಆಯಿತು.

ಮಕ್ಕಳಿಗೆ ಹೇಳಿಕೊಡುವಾಗ ನಾನು ಒಂದೇ ಕ್ರಮವನ್ನು ಒತ್ತಿ ಹೇಳುತ್ತೇನೆ: ಎರಡೂ ರೈಲುಗಳು ಚಲಿಸುತ್ತಿರುವ ಮೊದಲ ಕ್ಷಣವನ್ನು ಹುಡುಕಿ, ಆ ಕ್ಷಣದಲ್ಲಿ ಎಲ್ಲವನ್ನೂ ನಿಲ್ಲಿಸಿ ನೋಡಬೇಕು. ಇಲ್ಲಿ ಆ ಕ್ಷಣ 9:40. ಆಗ ಮೊದಲ ರೈಲು 40 ಕಿ.ಮೀ. ಬಂದಿದೆ, ಎರಡನೆಯದು ತನ್ನ ಜಾಗದಲ್ಲೇ ಇದೆ. ನಡುವೆ ಉಳಿದದ್ದು 140 ಕಿ.ಮೀ. ಇನ್ನು ಮುಂದೆ ವೇಗಗಳನ್ನು ನಿರ್ಭಯವಾಗಿ ಕೂಡಿಸಬಹುದು. 140 ಅನ್ನು 105ರಿಂದ ಭಾಗಿಸಿದರೆ ಒಂದೂ ಮೂರನೇ ಒಂದು ಗಂಟೆ, ಅಂದರೆ 1 ಗಂಟೆ 20 ನಿಮಿಷ. 9:40ಕ್ಕೆ ಅದನ್ನು ಸೇರಿಸಿದರೆ 11:00. ಅಷ್ಟರಲ್ಲಿ ಮೊದಲ ರೈಲು ಎರಡು ಗಂಟೆ ಓಡಿ 120 ಕಿ.ಮೀ. ಬಂದಿರುತ್ತದೆ. ಎರಡನೆಯದು 80 ನಿಮಿಷ ಓಡಿ 60 ಕಿ.ಮೀ. ಬಂದಿರುತ್ತದೆ. 120ಕ್ಕೆ 60 ಸೇರಿದರೆ 180. ಕೊನೆಯ ಈ ಕೂಡಿಕೆಯನ್ನು ಮಾಡದೆ ಉತ್ತರದ ಕೆಳಗೆ ಗೆರೆ ಎಳೆಯಬಾರದು ಎಂದು ಮಗಳಿಗೆ ಹೇಳಿ. ಈ ಬಗೆಯ ಲೆಕ್ಕದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಅಲ್ಲಿಯೇ ಸಿಕ್ಕಿಬೀಳುತ್ತವೆ.

ಸಮೀಕರಣ ಬರೆಯಲೇಬೇಕು ಎನ್ನುವ ಮೇಷ್ಟರಿದ್ದರೆ, 9:00ರಿಂದ ಕಳೆದ ಗಂಟೆಗಳನ್ನು t ಎಂದಿಟ್ಟುಕೊಂಡು ಹೀಗೆ ಬರೆಯಬೇಕು:

60t + 45(t − 2/3) = 180

ಎರಡನೆಯ ರೈಲಿನ ಆವರಣದೊಳಗೆ ಇರುವ 2/3 ಎಂಬುದೇ ಆ 40 ನಿಮಿಷ. ಬಿಡಿಸಿದರೆ 105t = 210, ಆದ್ದರಿಂದ t = 2. ನೀವು ಮಾಡಿದ ಲೆಕ್ಕದಲ್ಲಿ ಆವರಣದೊಳಗಿನ ಈ ಕಳೆಯುವ ಭಾಗ ಬಿಟ್ಟುಹೋಗಿತ್ತು, ಬೇರೇನೂ ಅಲ್ಲ.

ಇನ್ನೊಂದು ಗುಂಡಿ ಇದೇ ದಾರಿಯಲ್ಲಿದೆ. 140 ಭಾಗ 105 ಎಂದು ಕ್ಯಾಲ್ಕುಲೇಟರ್‌ನಲ್ಲಿ ಒತ್ತಿದರೆ ಪರದೆಯ ಮೇಲೆ 1.333 ಬರುತ್ತದೆ. ಅದನ್ನು 1 ಗಂಟೆ 33 ನಿಮಿಷ ಎಂದು ಓದುವ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ, ಹಾಗೆ ಓದಿದರೆ ಉತ್ತರ 11:13 ಆಗುತ್ತದೆ. ಆ ಹೊತ್ತಿಗೆ ಮೊದಲ ರೈಲು 133 ಕಿ.ಮೀ., ಎರಡನೆಯದು ಸುಮಾರು 70 ಕಿ.ಮೀ. ಬಂದಿರಬೇಕು. ಕೂಡಿದರೆ 203. ಇರುವ ಹಳಿಯೇ 180 ಕಿ.ಮೀ.! ರೈಲುಗಳು ಒಂದನ್ನೊಂದು ತೂರಿಕೊಂಡು ಹೋಗಿರಬೇಕಷ್ಟೆ. ಇಲ್ಲಿಯೂ ಆ ಕೊನೆಯ ಕೂಡಿಕೆಯೇ ಕಾಪಾಡುತ್ತದೆ. ನಿಮಿಷಗಳನ್ನು ಭಿನ್ನರಾಶಿಯಲ್ಲೇ ಇಟ್ಟುಕೊಂಡರೆ, ಅಂದರೆ 40 ನಿಮಿಷಕ್ಕೆ 0.67 ಎನ್ನದೆ 2/3 ಎಂದೇ ಬರೆದರೆ, ಈ ಗೊಂದಲ ಹುಟ್ಟುವುದೇ ಇಲ್ಲ.

ಸಮೀಕರಣಕ್ಕಿಂತ ನನಗೆ ಪ್ರಿಯವಾದದ್ದು ಗ್ರಾಫ್ ಹಾಳೆ. ಈ ಲೆಕ್ಕ ಅದಕ್ಕೆ ಅಳತೆ ತೆಗೆದು ಹೊಲಿದಂತಿದೆ. ಅಡ್ಡಕ್ಕೆ ಸಮಯ: ಒಂದು ಸೆಂಟಿಮೀಟರಿಗೆ 10 ನಿಮಿಷ, ಎಡತುದಿಯಲ್ಲಿ 9:00. ಉದ್ದಕ್ಕೆ ದೂರ: ಒಂದು ಸೆಂಟಿಮೀಟರಿಗೆ 10 ಕಿ.ಮೀ., ಕೆಳಗೆ ನಿಮ್ಮ ಕಡೆಯ ನಿಲ್ದಾಣ, 18 ಸೆಂಟಿಮೀಟರ್ ಮೇಲೆ ಆ ಕಡೆಯ ನಿಲ್ದಾಣ. ಮೊದಲ ರೈಲು ಕೆಳಗಿನ ಎಡಮೂಲೆಯಿಂದ ಹೊರಟು, ಒಂದು ಸೆಂಟಿಮೀಟರ್ ಬಲಕ್ಕೆ ಹೋದಂತೆ ಒಂದು ಸೆಂಟಿಮೀಟರ್ ಮೇಲೇರುತ್ತದೆ. ಚೌಕಗಳ ಮೂಲೆಯಿಂದ ಮೂಲೆಗೆ ಗೆರೆ ಎಳೆದರೆ ಆಯಿತು. ಎರಡನೆಯ ರೈಲಿನ ಗೆರೆ ಮೇಲಿನ ಅಂಚಿನಲ್ಲಿ 4 ಸೆಂಟಿಮೀಟರ್ ಬಲಕ್ಕೆ ಸರಿದ ಬಿಂದುವಿನಿಂದ, ಅಂದರೆ 9:40ರಿಂದ, ಆರಂಭವಾಗುತ್ತದೆ. ಅದು ಪ್ರತಿ 4 ಸೆಂಟಿಮೀಟರ್ ಬಲಕ್ಕೆ 3 ಸೆಂಟಿಮೀಟರ್ ಇಳಿಯುತ್ತದೆ. ಎರಡು ಗೆರೆಗಳು ಸೇರುವುದು ಎಡದಿಂದ 12 ಸೆಂಟಿಮೀಟರ್, ಕೆಳಗಿನಿಂದ 12 ಸೆಂಟಿಮೀಟರ್ ಇರುವ ಬಿಂದುವಿನಲ್ಲಿ. ಅಡ್ಡಕ್ಕೆ ಓದಿದರೆ 11:00 ಗಂಟೆ, ಉದ್ದಕ್ಕೆ ಓದಿದರೆ 120 ಕಿ.ಮೀ. ಎಷ್ಟು ಹೊತ್ತಿಗೆ, ಎಲ್ಲಿ ಎಂಬ ಎರಡೂ ಪ್ರಶ್ನೆಗಳಿಗೆ ಒಂದೇ ಚುಕ್ಕೆ ಉತ್ತರ ಹೇಳುತ್ತದೆ.

ಎರಡನೆಯ ಗೆರೆಯನ್ನು 9:40ರ ಬದಲು 9:00ರ ಮೂಲೆಯಿಂದಲೇ ಎಳೆದು ನೋಡಿ. ಸಂಧಿಯ ಚುಕ್ಕೆ ಎಡಕ್ಕೂ ಕೆಳಕ್ಕೂ ಜಾರಿ 10:43ರಲ್ಲಿ ಕೂರುತ್ತದೆ. ನಿಮ್ಮ ತಪ್ಪು ಕಣ್ಣಿಗೆ ಕಾಣುವುದು ಹೀಗೆ. ರೈಲು ದಾರಿಯಲ್ಲಿ ನಿಂತರೆ ಅದರ ಗೆರೆ ಅಷ್ಟು ದೂರ ಅಡ್ಡಕ್ಕೆ ಮಲಗುತ್ತದೆ, ಮತ್ತೆ ಹೊರಟಾಗ ಹಿಂದಿನ ಓರೆಯಲ್ಲೇ ಮುಂದುವರಿಯುತ್ತದೆ. ಅಂದಹಾಗೆ ಇದು ಶಾಲೆಯವರ ಆಟವಷ್ಟೇ ಅಲ್ಲ. ರೈಲ್ವೆಯ ನಿಯಂತ್ರಣ ಕೊಠಡಿಗಳಲ್ಲಿ ರೈಲುಗಳ ಓಡಾಟವನ್ನು ಗುರುತಿಸುವ ಕಂಟ್ರೋಲ್ ಚಾರ್ಟ್ ಕೂಡ ಇದೇ ಬಗೆಯದು. ಒಂದು ಕಡೆ ಸಮಯ, ಇನ್ನೊಂದು ಕಡೆ ಸಾಲಾಗಿ ನಿಲ್ದಾಣಗಳು, ನಡುವೆ ಓರೆ ಗೆರೆಗಳು.

ಈಗ ಪುಸ್ತಕಗಳು ಸಾಮಾನ್ಯವಾಗಿ ಕೇಳದ ಒಂದು ಪ್ರಶ್ನೆ. ಮಗಳ ಎರಡನೆಯ ಪ್ರಶ್ನೆಗೆ ಹೋಗಲು ಇದು ಬೇಕು. ಒಂದು ರೈಲು 10 ನಿಮಿಷ ತಡವಾದರೆ ಸಂಧಿ ಎಷ್ಟು ಹೊತ್ತು ತಡವಾಗುತ್ತದೆ? ಹತ್ತು ನಿಮಿಷ ಎಂದು ಬಾಯಿಗೆ ಬರುತ್ತದೆ. ಅದು ಸರಿಯಲ್ಲ. 60ರ ರೈಲು 10 ನಿಮಿಷ ಸುಮ್ಮನೆ ನಿಂತರೆ 10 ಕಿ.ಮೀ. ಕರಗದೆ ಉಳಿಯುತ್ತದೆ. ಆದರೆ ಆ 10 ಕಿ.ಮೀ.ಯನ್ನು ಆಮೇಲೆ ಎರಡೂ ಸೇರಿ ಗಂಟೆಗೆ 105ರಂತೆ ಕರಗಿಸುತ್ತವೆ, ಅದಕ್ಕೆ 6 ನಿಮಿಷವೂ ಬೇಡ, 5 ನಿಮಿಷ 43 ಸೆಕೆಂಡು ಸಾಕು. ಇದೇ 45ರ ರೈಲು 10 ನಿಮಿಷ ತಡಮಾಡಿದರೆ ಉಳಿಯುವುದು ಏಳೂವರೆ ಕಿ.ಮೀ., ತಡವಾಗುವುದು 4 ನಿಮಿಷ 17 ಸೆಕೆಂಡು. ಎರಡನ್ನೂ ಕೂಡಿಸಿದರೆ 10 ನಿಮಿಷ. ಎರಡೂ ರೈಲುಗಳು ಹತ್ತು ಹತ್ತು ನಿಮಿಷ ತಡವಾದರೆ ಸಂಧಿಯೂ ಸರಿಯಾಗಿ ಹತ್ತು ನಿಮಿಷ ತಡವಾಗಬೇಕಲ್ಲವೇ? ಲೆಕ್ಕ ತಾನಾಗಿ ಹೊಂದಿಕೊಂಡಿತು.

ಜಾಗದ ಮಾತು ಇನ್ನೂ ಸೊಗಸಾಗಿದೆ. ಮೊದಲ ರೈಲು ತಡವಾದಾಗ, ಆ ಹೆಚ್ಚುವರಿ 5 ನಿಮಿಷ 43 ಸೆಕೆಂಡಿನಲ್ಲಿ ಎರಡನೆಯದು ಗಂಟೆಗೆ 45ರಂತೆ ಸುಮಾರು 4.3 ಕಿ.ಮೀ. ಮುಂದೆ ಬಂದಿರುತ್ತದೆ. ಸಂಧಿ ಅಷ್ಟು ದೂರ ಈಚೆಗೆ ಸರಿಯುತ್ತದೆ. ಎರಡನೆಯದು ತಡವಾದಾಗ, 4 ನಿಮಿಷ 17 ಸೆಕೆಂಡಿನಲ್ಲಿ ಮೊದಲನೆಯದು ಗಂಟೆಗೆ 60ರಂತೆ ಓಡುವುದು ಕೂಡ ಅದೇ 4.3 ಕಿ.ಮೀ. ಸಂಧಿ ಅಷ್ಟೇ ದೂರ ಆಚೆಗೆ ಸರಿಯುತ್ತದೆ. ವೇಗದ ರೈಲು ತಡಮಾಡಲಿ, ನಿಧಾನದ್ದು ತಡಮಾಡಲಿ, ಜಾಗ ಜರುಗುವುದು ಒಂದೇ ಅಳತೆಯಷ್ಟು, ದಿಕ್ಕು ಮಾತ್ರ ಬೇರೆ. ಇದು ಈ ಅಂಕಿಗಳಿಗಷ್ಟೇ ಸಲ್ಲುವ ಕಾಕತಾಳೀಯವಲ್ಲ. ಎರಡು ವೇಗಗಳನ್ನು ಗುಣಿಸಿ ಅವುಗಳ ಮೊತ್ತದಿಂದ ಭಾಗಿಸಿ, ಬಂದದ್ದನ್ನು ತಡವಾದ ಸಮಯದಿಂದ ಗುಣಿಸಿದರೆ ಈ ದೂರ ಸಿಗುತ್ತದೆ. ಗುಣಾಕಾರದಲ್ಲಿ ಯಾವುದು ಮೊದಲು ಎಂಬ ಭೇದವಿಲ್ಲ, ಮೊತ್ತದಲ್ಲಿಯೂ ಇಲ್ಲ. ಯಾರು ತಡಮಾಡಿದರು ಎಂಬುದನ್ನು ಅದು ಕೇಳುವುದೇ ಇಲ್ಲ.

ಮೇಲಿನದೆಲ್ಲ ವೇಗ ಒಂದೇ ಸಮನೆ ಇದ್ದರೆ ಮಾತ್ರ. ಸರಾಸರಿ ವೇಗ ಕೊಟ್ಟಾಗ ಎಚ್ಚರ ಬೇಕು. ಮಡಿಕೇರಿಯಿಂದ ಕುಶಾಲನಗರಕ್ಕೆ ಹೋಗುವ ಬಸ್ಸನ್ನು ನೆನೆಯಿರಿ: ತಿರುವುಗಳ ಇಳಿಜಾರಿನಲ್ಲಿ ಅದರ ಓಟ ಬೇರೆ, ಕುಶಾಲನಗರದ ಹತ್ತಿರದ ಸಮತಟ್ಟಿನಲ್ಲಿ ಬೇರೆ. ನಮ್ಮ ಮೊದಲ ರೈಲೂ ಮೊದಲ 90 ಕಿ.ಮೀ.ಯನ್ನು ಏರಿನಲ್ಲಿ ಎರಡು ಗಂಟೆ ತೆಗೆದುಕೊಂಡು, ಉಳಿದ 90 ಕಿ.ಮೀ.ಯನ್ನು ಬಯಲಿನಲ್ಲಿ ಒಂದೇ ಗಂಟೆಯಲ್ಲಿ ಮುಗಿಸಿತು ಎನ್ನಿ. ಸರಾಸರಿ ಆಗಲೂ 60. ಆದರೆ 11:00ಕ್ಕೆ ಅದು 120ರಲ್ಲಿ ಇರುವುದಿಲ್ಲ, 90ರಲ್ಲೇ ಇರುತ್ತದೆ. ನಡುವೆ 30 ಕಿ.ಮೀ. ಉಳಿದಿರುತ್ತದೆ. ಮುಂದೆ 90 ಮತ್ತು 45 ಸೇರಿ 135ರ ವೇಗದಲ್ಲಿ ಅದು 13 ನಿಮಿಷ 20 ಸೆಕೆಂಡಿನಲ್ಲಿ ಮುಗಿದು, ಸಂಧಿ 110ನೇ ಕಿ.ಮೀ.ಯಲ್ಲಿ ಆಗುತ್ತದೆ. ಪೂರ್ತಿ ಪ್ರಯಾಣದ ಸರಾಸರಿಗೆ ನಡುದಾರಿಯಲ್ಲಿ ಏನಾಯಿತು ಎಂಬುದು ಗೊತ್ತಿರುವುದಿಲ್ಲ. ವೇಗ ಬದಲಾಗುವ ಕಡೆಯಲ್ಲೆಲ್ಲ ಗೆರೆಯನ್ನು ಮುರಿದು, ತುಂಡು ತುಂಡಾಗಿ ಲೆಕ್ಕ ಹಾಕಬೇಕು.

ಇನ್ನು ಡಿಕ್ಕಿಯ ಪ್ರಶ್ನೆ. ನಮ್ಮ ಕೊಡಗು ಜಿಲ್ಲೆಯಲ್ಲಿ ರೈಲು ಹಳಿಯೇ ಇಲ್ಲ, ರೈಲು ಹತ್ತಬೇಕಾದರೆ ಮೈಸೂರಿಗೋ ಹಾಸನಕ್ಕೋ ಹೋಗಬೇಕು. ಹೀಗಿರುವಾಗ ಮಗಳಿಗೆ ಆ ಅನುಮಾನ ಬಂದದ್ದು ಸಹಜ. ಲೆಕ್ಕದ ಪುಸ್ತಕ ಈ ವಿಷಯದಲ್ಲಿ ನಿಜಕ್ಕೂ ಅಸಡ್ಡೆಯದು. ಅದು ಒಂದೇ ಹಳಿ ಎಂದಾಗ ಒಂದೇ ಮಾರ್ಗ ಎಂದಷ್ಟೇ ಹೇಳುತ್ತಿರುತ್ತದೆ. ನಿಜವಾದ ಒಂಟಿ ಹಳಿಯಲ್ಲಿ ಎರಡು ನಿಲ್ದಾಣಗಳ ನಡುವಿನ ತುಂಡಿಗೆ ಬ್ಲಾಕ್ ಸೆಕ್ಷನ್ ಎನ್ನುತ್ತಾರೆ. ಎದುರಿನಿಂದ ಒಂದು ರೈಲು ಆ ತುಂಡಿನೊಳಗೆ ಇರುವಾಗ ಈ ಕಡೆಯ ರೈಲಿಗೆ ಹೊರಡುವ ಅನುಮತಿ ಸಿಗುವುದಿಲ್ಲ. ಹಳೆಯ ಪದ್ಧತಿಯಲ್ಲಿ ಸ್ಟೇಷನ್ ಮಾಸ್ಟರ್ ಯಂತ್ರದಿಂದ ತೆಗೆದುಕೊಟ್ಟ ಟೋಕನ್ ಚಾಲಕರ ಕೈಯಲ್ಲಿ ಇರಬೇಕಿತ್ತು. ಎರಡೂ ನಿಲ್ದಾಣಗಳ ಯಂತ್ರಗಳು ಒಂದಕ್ಕೊಂದು ಬಿಗಿದುಕೊಂಡಿರುವುದರಿಂದ ಒಂದು ಟೋಕನ್ ಹೊರಗಿರುವಾಗ ಇನ್ನೊಂದು ಬರುವುದಿಲ್ಲ. ಹಾಗಾಗಿ ರೈಲುಗಳು ಎದುರಾಗುವುದು ನಿಲ್ದಾಣದಲ್ಲಿ ಮಾತ್ರ. ಅಲ್ಲಿ ಪಕ್ಕಕ್ಕೆ ಲೂಪ್ ಲೈನ್ ಇರುತ್ತದೆ. ಒಂದು ರೈಲು ಒಂದು ಹಳಿಯಲ್ಲಿ ನಿಲ್ಲುತ್ತದೆ, ಇನ್ನೊಂದು ಪಕ್ಕದ ಹಳಿಯಲ್ಲಿ ಹಾದುಹೋಗುತ್ತದೆ. ಪ್ರಯಾಣಿಕರು ಕಿಟಕಿಯಲ್ಲಿ ತಲೆ ಹಾಕಿ, ಕ್ರಾಸಿಂಗ್ ಇರಬೇಕು ಎಂದು ಗೊಣಗುವುದು ಇದಕ್ಕೇ.

ನಮ್ಮ ಮಾರ್ಗದಲ್ಲಿ 112ನೇ ಕಿ.ಮೀ.ಯಲ್ಲಿ ಒಂದು ನಿಲ್ದಾಣ, ಮುಂದಿನದು 131ರಲ್ಲಿ ಇದೆ ಎಂದು ಇಟ್ಟುಕೊಳ್ಳೋಣ. ಲೆಕ್ಕದ ಸಂಧಿ 120, ಎರಡರ ನಡುವೆ. ಅಲ್ಲಿ ಎದುರಾಗುವಂತಿಲ್ಲ. ಕ್ರಾಸಿಂಗ್ 112ರಲ್ಲಿ ಎಂದಾದರೆ ಮೊದಲ ರೈಲು 10:52ಕ್ಕೆ ಅಲ್ಲಿಗೆ ಬಂದು ನಿಲ್ಲುತ್ತದೆ. ಎರಡನೆಯದು ತನ್ನ ನಿಲ್ದಾಣದಿಂದ 68 ಕಿ.ಮೀ. ಓಡಿ ಅಲ್ಲಿಗೆ ಬರುವಷ್ಟರಲ್ಲಿ 11:10 ದಾಟಿ 40 ಸೆಕೆಂಡು. ಕಾದದ್ದು 18 ನಿಮಿಷ 40 ಸೆಕೆಂಡು. 131ರಲ್ಲಿ ಎಂದಾದರೆ ಎರಡನೆಯದು ಮೊದಲೇ ಬಂದು 25 ನಿಮಿಷ 40 ಸೆಕೆಂಡು ಕಾಯುತ್ತದೆ. ಇದರ ಹಿಂದಿನ ಸೂತ್ರ ಸರಳವಾಗಿದೆ: ಲೆಕ್ಕದ ಸಂಧಿಯಿಂದ ಕ್ರಾಸಿಂಗ್ ಒಂದು ಕಿ.ಮೀ. ದೂರವಾದರೆ, ಮೊದಲ ರೈಲಿಗೆ ಆ ಕಿ.ಮೀ. ಓಡಲು ಬೇಕಾದ ಒಂದು ನಿಮಿಷ ಮತ್ತು ಎರಡನೆಯದಕ್ಕೆ ಬೇಕಾದ ಒಂದು ನಿಮಿಷ 20 ಸೆಕೆಂಡು ಸೇರಿ 2 ನಿಮಿಷ 20 ಸೆಕೆಂಡು ಕಾಯುವಿಕೆ ಹೆಚ್ಚುತ್ತದೆ. ಎಂಟು ಕಿ.ಮೀ.ಗೆ 18 ನಿಮಿಷ 40 ಸೆಕೆಂಡು, ಹನ್ನೊಂದಕ್ಕೆ 25 ನಿಮಿಷ 40 ಸೆಕೆಂಡು. ಆದ್ದರಿಂದ ಸಂಧಿ ಎಲ್ಲಿ ಎಂದು ಕಂಡುಹಿಡಿಯುವ ಶಾಲೆಯ ಲೆಕ್ಕ ಒಂಟಿ ಹಳಿಯಲ್ಲಿ ವ್ಯರ್ಥವಲ್ಲ. ಅದಕ್ಕೆ ಹತ್ತಿರದ ನಿಲ್ದಾಣದಲ್ಲೇ ಕಾಯುವಿಕೆ ಕಡಿಮೆ.

ಆದರೆ ಕಡಿಮೆ ಕಾಯುವ ಜಾಗವನ್ನೇ ಆರಿಸುತ್ತಾರೆ ಎಂದಲ್ಲ. ಎರಡನೆಯದು ಗೂಡ್ಸ್ ರೈಲಾದರೆ, ಪ್ರಯಾಣಿಕರ ರೈಲನ್ನು 18 ನಿಮಿಷ ನಿಲ್ಲಿಸುವುದಕ್ಕಿಂತ ಗೂಡ್ಸನ್ನು 25 ನಿಮಿಷ ನಿಲ್ಲಿಸುವುದೇ ಲೇಸು ಎಂದು ನಿಯಂತ್ರಕರು ತೀರ್ಮಾನಿಸಬಹುದು. ಗೂಡ್ಸ್ ಆ ನಿಲ್ದಾಣದ ಲೂಪ್ ಲೈನಿಗಿಂತ ಉದ್ದವಿದ್ದರೆ ಈ ತೀರ್ಮಾನವೂ ತಲೆಕೆಳಗಾಗುತ್ತದೆ. ಲೂಪಿಗೆ ತಿರುಗುವಾಗ ವೇಗವನ್ನು ಬಹಳ ತಗ್ಗಿಸಬೇಕಾದ್ದರಿಂದ ನಿಜವಾದ ನಷ್ಟ ನಮ್ಮ ಅಂಕಿಗಿಂತ ತುಸು ಹೆಚ್ಚೇ ಆಗುತ್ತದೆ.

ವೇಳಾಪಟ್ಟಿ ಮಾಡುವವರಿಗೆ ಇನ್ನೊಂದು ದಾರಿ ಇದೆ. ಮೇಲೆ ಹೇಳಿದ ತಡದ ಲೆಕ್ಕವನ್ನು ತಿರುಗಿಸಿ ಹಾಕಿ: ಸಂಧಿಯನ್ನು 120ರಿಂದ 112ಕ್ಕೆ ತರಬೇಕಾದರೆ ಮೊದಲ ರೈಲು ಎಷ್ಟು ತಡವಾಗಿ ಹೊರಡಬೇಕು? ಹತ್ತು ನಿಮಿಷಕ್ಕೆ 4.3 ಕಿ.ಮೀ. ಜರುಗುತ್ತದೆ ಎಂದ ಮೇಲೆ ಎಂಟು ಕಿ.ಮೀ.ಗೆ ಬೇಕಾದದ್ದು 18 ನಿಮಿಷ 40 ಸೆಕೆಂಡು. ಅದೇ ಅಂಕಿ! ಅಂದರೆ ಆ ರೈಲು ಕಾಯುವುದನ್ನು 112ರಲ್ಲಿ ಕಾಯಬಹುದು, ಇಲ್ಲವೇ ಹೊರಡುವ ನಿಲ್ದಾಣದಲ್ಲೇ ಕಾಯಬಹುದು. ಪ್ರಯಾಣಿಕರು ಹತ್ತುವುದಕ್ಕೆ ಅಷ್ಟು ಹೆಚ್ಚು ಸಮಯವಾದರೂ ಸಿಗುತ್ತದೆ. ಎರಡನೆಯ ರೈಲನ್ನು 9:40ರ ಬದಲು 9:21ರ ಸುಮಾರಿಗೆ ಹೊರಡಿಸಿದರಂತೂ ಯಾರೂ ಎಲ್ಲಿಯೂ ಕಾಯಬೇಕಾಗಿಲ್ಲ. ಮಗಳ ಗ್ರಾಫ್ ಹಾಳೆಯಲ್ಲಿ 11.2 ಸೆಂಟಿಮೀಟರ್ ಎತ್ತರದಲ್ಲಿ ಒಂದು ಅಡ್ಡಗೆರೆ ಎಳೆದು, ಎರಡನೆಯ ರೈಲಿನ ಗೆರೆಯನ್ನು ಓರೆ ಕೆಡದಂತೆ ಎಡಕ್ಕೆ ಸರಿಸುತ್ತ ಬಂದರೆ ಮೂರೂ ಗೆರೆಗಳು ಒಂದೇ ಚುಕ್ಕೆಯಲ್ಲಿ ಸೇರುವ ಜಾಗ ಸಿಗುತ್ತದೆ. ಸ್ಕೇಲನ್ನು ಹಾಳೆಯ ಮೇಲೆ ಜಾರಿಸಿಯೇ ಇದನ್ನು ಕಂಡುಕೊಳ್ಳಬಹುದು.

ನಿಮ್ಮ ಕಡೆಯಿಂದ ಶನಿವಾರಸಂತೆ, ಕೊಡ್ಲಿಪೇಟೆಯ ಆಚೆಗೆ ಸಕಲೇಶಪುರ ಸಿಗುತ್ತದೆ. ಅಲ್ಲಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ಸುಮಾರು 55 ಕಿ.ಮೀ. ಘಟ್ಟದ ಒಂಟಿ ಹಳಿ, 50 ಅಡಿಗೆ ಒಂದು ಅಡಿಯ ಏರು. ಅಲ್ಲಿ ರೈಲುಗಳು ತೆವಳಿಕೊಂಡೇ ಸಾಗುತ್ತವೆ. ಎರಡೂ ಕಡೆಯವು ಗಂಟೆಗೆ 30 ಕಿ.ಮೀ.ಯಂತೆ ಓಡುತ್ತವೆ ಎಂದುಕೊಂಡರೆ, ಸಂಧಿಯಿಂದ ಕ್ರಾಸಿಂಗ್ ಒಂದು ಕಿ.ಮೀ. ದೂರವಾದಂತೆಲ್ಲ ಕಾಯುವಿಕೆ ಎರಡೂ ಎರಡೂ ಸೇರಿ ನಾಲ್ಕು ನಿಮಿಷ ಹೆಚ್ಚುತ್ತದೆ. ಅಂಥ ಮಾರ್ಗದಲ್ಲಿ ಎರಡು ನಿಲ್ದಾಣಗಳ ನಡುವೆ ಹತ್ತು ಕಿ.ಮೀ. ಇದ್ದು ಸಂಧಿ ನಟ್ಟನಡುವೆ ಬಿದ್ದರೆ, ಯಾವ ಕಡೆ ನಿಂತರೂ ಇಪ್ಪತ್ತು ನಿಮಿಷ ತಪ್ಪಿದ್ದಲ್ಲ.